ಟಾರ್ಗೆಟ್ ಪ್ರೈಸ್ ರಿಪೋರ್ಟನ್ನು ಕೊನೆಯ ಪುಟದಿಂದ ಓದೋದು ಹೇಗೆ

ಡೊಂಬಿವಲಿಯಲ್ಲಿರುವ ನನ್ನ ಮಾವ ಹೋಟೆಲನ್ನು ಮಗನ ಕೈಗೆ ಕೊಟ್ಟ ಮೇಲೆ ಷೇರು ಮಾರ್ಕೆಟ್ ಹಿಡಿದುಕೊಂಡಿದ್ದಾರೆ. ಅಕ್ಟೋಬರ್‌ನಲ್ಲಿ ಒಂದು ದಿನ ಬೆಳಿಗ್ಗೆ ಅವರಿಂದ ವಾಟ್ಸಾಪ್ ಬಂತು. ಒಂದು ಆಟೋ ಬಿಡಿಭಾಗದ ಕಂಪನಿ, 'ಬೈ', ಟಾರ್ಗೆಟ್ 928, ಅಂದರೆ ಷೇರು ಕೊಳ್ಳಿ, ಬೆಲೆ 928 ರೂಪಾಯಿಗೆ ಏರಬಹುದು ಅಂತ ಬ್ರೋಕರ್‌ನ ಅಂದಾಜು. ಕೆಳಗೆ ಅವರದೇ ಒಂದು ಸಾಲು: "785ಕ್ಕೆ ತಗೊಂಡೆ ಮಾರಾಯ, ದೊಡ್ಡ ಬ್ರೋಕರ್ ಹೇಳಿದ್ದು."

ತಗೊಂಡಾದ ಮೇಲೆ ನನ್ನನ್ನು ಕೇಳೋದು ಅವರ ಪದ್ಧತಿ. ನಾನು ಆರು ವರ್ಷ ಲೋವರ್ ಪರೇಲ್‌ನ ಒಂದು ಬ್ರೋಕರೇಜ್‌ನ ರಿಸರ್ಚ್ ವಿಭಾಗದಲ್ಲಿದ್ದೆ. ಅನಲಿಸ್ಟ್ ಅಲ್ಲ, ಅವರ ಕೈಕೆಳಗೆ ಎಕ್ಸೆಲ್ ತುಂಬುವವನು. ಹಾಗಾಗಿ ಈ ರಿಪೋರ್ಟ್‌ಗಳ ಅಡುಗೆಮನೆ ನನಗೆ ಗೊತ್ತು. ಮಾವನಿಗೆ ಫೋನ್‌ನಲ್ಲಿ ಮೂರು ಕಂತಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹೇಳೋದಿಲ್ಲ, ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ.

ಮೊದಲು ಮೂಲ ರಿಪೋರ್ಟ್ ಕೈಗೆ ಬರಲಿ

ವಾಟ್ಸಾಪ್‌ನಲ್ಲಿ ಬಂದದ್ದು ರಿಪೋರ್ಟ್ ಅಲ್ಲ, ಅದರ ತಲೆಬರಹ ಮಾತ್ರ. ಪಿಡಿಎಫ್ ಹುಡುಕಿ. ನಿಮ್ಮ ಡಿಮ್ಯಾಟ್ ಇರುವ ಬ್ರೋಕರ್ ಬರೆದದ್ದಾದರೆ ಅವರ ಆ್ಯಪ್‌ನಲ್ಲೇ ಇರುತ್ತದೆ, ಬೇರೆಯವರದ್ದೂ ಹುಡುಕಿದರೆ ಎಷ್ಟೋ ಸಲ ಸಿಗುತ್ತದೆ. ಸಿಗಲೇ ಇಲ್ಲ ಅಂದರೆ ಆ ಟಾರ್ಗೆಟ್ಟನ್ನು ಮರೆತುಬಿಡಿ.

ಸಿಕ್ಕಿದ ಮೇಲೆ ಎರಡು ನೋಡಿ. ಒಂದು, ತಾರೀಕು ಮತ್ತು ಅವತ್ತಿನ ಬೆಲೆ, ಅಂದರೆ ಸಿಎಂಪಿ. 620 ಇದ್ದಾಗ ಬರೆದ 'ಬೈ' 740ಕ್ಕೆ ಏರಿದ ಮೇಲೆ ನಿಮ್ಮ ಫೋನಿಗೆ ಬಂದರೆ ಅದು ಬೇರೆಯದೇ ಸಲಹೆ. ಎರಡು, ಸೆಬಿ ನೋಂದಣಿ ಸಂಖ್ಯೆ. ರಿಸರ್ಚ್ ಅನಲಿಸ್ಟ್ ನೋಂದಣಿ `INH` ಅಂತ ಶುರುವಾಗುತ್ತದೆ. ಸೆಬಿಯ ವೆಬ್‌ಸೈಟ್‌ನಲ್ಲಿ ನೋಂದಾಯಿತರ ಪಟ್ಟಿ ಇದೆ, ಅಲ್ಲಿ ಆ ಸಂಖ್ಯೆಯನ್ನೂ ಹೆಸರನ್ನೂ ತಾಳೆ ನೋಡಬಹುದು. ದೊಡ್ಡ ಬ್ರೋಕರ್‌ನ ಲೋಗೋ ಅಂಟಿಸಿದ ಖೋಟಾ ಪಿಡಿಎಫ್‌ಗಳು ಟೆಲಿಗ್ರಾಂನಲ್ಲಿ ಧಾರಾಳವಾಗಿ ಓಡಾಡುತ್ತವೆ.

ಇನ್ನೊಂದು, ಟಿವಿಯಲ್ಲಿ "ಸ್ಟಾಪ್ ಲಾಸ್ 770, ಟಾರ್ಗೆಟ್ 820" ಅಂತ ಹೇಳ್ತಾರಲ್ಲ, ಅದು ಚಾರ್ಟ್ ನೋಡಿ ಕೆಲವು ದಿನಗಳಿಗೆ ಕೊಡುವ ಕಾಲ್. ಅದರ ಕಥೆ ಬೇರೆ, ಇಲ್ಲಿ ಬೇಡ.

ಆಮೇಲೆ ಕೊನೆಯ ಪುಟ

ಎಲ್ಲರೂ ಮೊದಲ ಪುಟ ಓದಿ ನಿಲ್ಲಿಸುತ್ತಾರೆ. ಕೊನೆಯ ಎರಡು ಪುಟಗಳಲ್ಲಿ ಇರುವೆ ಗಾತ್ರದ ಅಕ್ಷರಗಳಲ್ಲಿ ಡಿಸ್‌ಕ್ಲೋಶರ್ ಇರುತ್ತದೆ. ನಾನು ಅಲ್ಲಿಂದ ಶುರು ಮಾಡುತ್ತೇನೆ. 2014ರ ಸೆಬಿ ರಿಸರ್ಚ್ ಅನಲಿಸ್ಟ್ ನಿಯಮಗಳ ಪ್ರಕಾರ ಅದನ್ನು ಹಾಕಲೇಬೇಕು. ಪಿಡಿಎಫ್ ದೊಡ್ಡದು ಮಾಡಿಕೊಂಡು ಈ ಪ್ರಶ್ನೆಗಳಿಗೆ 'ಹೌದು' ಇದೆಯೋ 'ಇಲ್ಲ' ಇದೆಯೋ ನೋಡಿ.

ಹಿಂದಿನ 12 ತಿಂಗಳಲ್ಲಿ ಈ ಕಂಪನಿಯಿಂದ ಬ್ರೋಕರ್ ಸಂಸ್ಥೆಗೆ ಹಣ ಬಂದಿದೆಯಾ? ಮರ್ಚೆಂಟ್ ಬ್ಯಾಂಕಿಂಗ್ ಕೆಲಸಕ್ಕೆ, ಅಂದರೆ ಐಪಿಒ ಅಥವಾ ಷೇರು ಮಾರಿ ಹಣ ಎತ್ತಿಕೊಟ್ಟದ್ದಕ್ಕೆ ಬಂದಿದೆಯಾ? ಹಿಂದಿನ ತಿಂಗಳ ಕೊನೆಗೆ ಸಂಸ್ಥೆಯೋ ಅನಲಿಸ್ಟೋ ಅವರ ಸಂಬಂಧಿಕರೋ ಕಂಪನಿಯ ಶೇಕಡಾ 1 ಅಥವಾ ಅದಕ್ಕಿಂತ ಜಾಸ್ತಿ ಷೇರು ಇಟ್ಟುಕೊಂಡಿದ್ದರಾ? ಅನಲಿಸ್ಟ್ ಆ ಕಂಪನಿಯಲ್ಲಿ ಕೆಲಸ ಮಾಡಿದ್ದರಾ?

ಇಲ್ಲಿ ಒಂದು ಕಿರಿಕಿರಿ ಇದೆ. ಕೆಲವರು ನೇರವಾಗಿ ಹೌದು, ಇಲ್ಲ ಅಂತ ಬರೆಯುತ್ತಾರೆ. ಕೆಲವರು "ನಾವು ಅಥವಾ ನಮ್ಮ ಸಹಸಂಸ್ಥೆಗಳು ಪಡೆದಿರಬಹುದು" ಅಂತ ಎಲ್ಲ ಕಂಪನಿಗೂ ಒಂದೇ ವಾಕ್ಯ ಅಂಟಿಸುತ್ತಾರೆ. "ಇರಬಹುದು" ಅಂತ ಕಂಡರೆ ನಾನು ಅದನ್ನು 'ಹೌದು' ಅಂತಲೇ ಓದಿಕೊಳ್ಳುತ್ತೇನೆ, ಆಮೇಲೆ ಕಂಪನಿ ಎಕ್ಸ್‌ಚೇಂಜ್‌ಗೆ ಕೊಟ್ಟ ದಾಖಲೆ ತೆಗೆದು ನೋಡುತ್ತೇನೆ. ಐಪಿಒ ಆದರೆ ಪ್ರಾಸ್ಪೆಕ್ಟಸ್‌ನ ಮುಖಪುಟದಲ್ಲೇ ಲೀಡ್ ಮ್ಯಾನೇಜರ್‌ಗಳ ಹೆಸರು, ಲೋಗೋ ಎಲ್ಲ ಇರುತ್ತದೆ. ಕ್ಯುಐಪಿ, ಅಂದರೆ ದೊಡ್ಡ ಸಂಸ್ಥೆಗಳಿಗೆ ನೇರವಾಗಿ ಷೇರು ಕೊಟ್ಟು ಹಣ ಎತ್ತುವುದು, ಅದರ ಪ್ಲೇಸ್‌ಮೆಂಟ್ ಡಾಕ್ಯುಮೆಂಟ್‌ನಲ್ಲೂ ಹೀಗೆಯೇ.

ಮಾವನ ರಿಪೋರ್ಟ್‌ನಲ್ಲಿ 'ಹೌದು' ಅಂತಲೇ ಇತ್ತು. ಕಂಪನಿ ಸೆಪ್ಟೆಂಬರ್‌ನಲ್ಲಿ ಕ್ಯುಐಪಿ ಮಾಡಿತ್ತು, ಅದನ್ನು ನಡೆಸಿಕೊಟ್ಟವರಲ್ಲಿ ಇದೇ ಬ್ರೋಕರ್‌ನ ಮರ್ಚೆಂಟ್ ಬ್ಯಾಂಕಿಂಗ್ ಶಾಖೆಯೂ ಒಂದು. ಆರು ವಾರ ಕಳೆದ ಮೇಲೆ ಟಾರ್ಗೆಟ್ ಏರಿತು. "ಹಾಗಾದ್ರೆ ಇದು ಮೋಸವಾ?" ಅಂತ ಮಾವ ಕೇಳಿದರು. ಅಲ್ಲ. ಮೋಸ ಅಂತ ಹೇಳಲು ಇಷ್ಟು ಸಾಕಾಗೋದಿಲ್ಲ. ಆದರೆ ಹುಡುಗನ ಕಡೆಯಿಂದ ಕಮಿಷನ್ ತಗೊಂಡ ದಲ್ಲಾಳಿಯ ಬಾಯಲ್ಲಿ ಹುಡುಗನ ಗುಣಗಾನ ಕೇಳುವಾಗ ನಾವು ಒಂದು ಕಿವಿ ಜಾಸ್ತಿ ತೆರೆದಿಡುತ್ತೇವೆ ಅಲ್ವಾ, ಅಷ್ಟು ಎಚ್ಚರ ಬೇಕು.

ಸೆಲ್ ಅಂತ ಬರೆಯೋದು ಯಾಕೆ ಕಷ್ಟ

ನಾನು ಒಳಗಿದ್ದು ನೋಡಿದ್ದನ್ನು ಹೇಳುತ್ತೇನೆ. ನಮ್ಮ ವಿಭಾಗಕ್ಕೆ ರಿಪೋರ್ಟ್ ಮಾರಿ ಬರುವ ದುಡ್ಡು ಇರಲಿಲ್ಲ. ದುಡ್ಡು ಬರುತ್ತಿದ್ದದ್ದು ಫಂಡ್‌ಗಳು ನಮ್ಮ ಮೂಲಕ ಷೇರು ಕೊಂಡು ಮಾರಿದಾಗ ಸಿಗುವ ಬ್ರೋಕರೇಜ್‌ನಿಂದ. ಫಂಡ್‌ನವರು ಆಗಾಗ ಬ್ರೋಕರ್‌ಗಳಿಗೆ ವೋಟ್ ಹಾಕುತ್ತಾರೆ, ಯಾರಿಗೆ ಎಷ್ಟು ವ್ಯವಹಾರ ಅಂತ ಅದರ ಮೇಲೆ ಹಂಚಿಕೆ. ಈಗ ಯೋಚಿಸಿ. 'ಬೈ' ರಿಪೋರ್ಟ್‌ಗೆ ಮಾರ್ಕೆಟ್‌ನಲ್ಲಿರುವ ಎಲ್ಲರೂ ಗಿರಾಕಿಗಳು. 'ಸೆಲ್' ರಿಪೋರ್ಟ್‌ಗೆ ಆ ಷೇರು ಈಗಾಗಲೇ ಇಟ್ಟುಕೊಂಡವರು ಮಾತ್ರ, ಅವರಿಗೂ ಅದನ್ನು ಓದಿ ಖುಷಿಯಾಗೋದಿಲ್ಲ, ಅವರದೇ ಗಂಟು ಕರಗುತ್ತದಲ್ಲ.

ಇನ್ನೊಂದು ಕಡೆ ಕಂಪನಿಯ ಮ್ಯಾನೇಜ್‌ಮೆಂಟ್. ಫಂಡ್‌ನವರನ್ನು ಕಂಪನಿಯ ಎಂಡಿ, ಸಿಎಫ್‌ಒ ಜೊತೆ ಕೂರಿಸಿ ಮಾತಾಡಿಸುವುದು ಬ್ರೋಕರ್‌ನ ದೊಡ್ಡ ಸೇವೆ. ಸೆಲ್ ಬರೆದವನಿಗೆ ಆ ಬಾಗಿಲು ಮೆಲ್ಲಗೆ ಮುಚ್ಚುತ್ತದೆ. ಫೋನ್ ಎತ್ತೋದಿಲ್ಲ, ಫಲಿತಾಂಶದ ಕಾನ್‌ಕಾಲ್‌ನಲ್ಲಿ ಪ್ರಶ್ನೆಯ ಸರದಿ ಬರೋದೇ ಇಲ್ಲ. ನಮ್ಮ ಆಫೀಸಿನಲ್ಲಿ ಒಬ್ಬ ಅನಲಿಸ್ಟ್ ಒಂದು ಕಂಪನಿಗೆ ಸೆಲ್ ಹಾಕಿದ್ದರು. ಮುಂದಿನ ಎರಡು ಕ್ವಾರ್ಟರ್ ಅವರು ಕಾನ್‌ಕಾಲ್‌ನಲ್ಲಿ ಸುಮ್ನೆ ಕೇಳುತ್ತಾ ಕೂತಿದ್ದನ್ನು ನಾನೇ ನೋಡಿದ್ದೇನೆ. ಮೂರನೇ ಕ್ವಾರ್ಟರ್‌ಗೆ ರೇಟಿಂಗ್ 'ರೆಡ್ಯೂಸ್' ಆಯಿತು, ಅಂದರೆ ಸೆಲ್‌ಗಿಂತ ಒಂದು ಮೆಟ್ಟಿಲು ಮೆತ್ತಗೆ. ಆಮೇಲೆ ಕವರೇಜ್ ನಿಂತೇ ಹೋಯಿತು. ಕೆಟ್ಟ ಸುದ್ದಿ ಬರೆಯುವ ಬದಲು ಏನೂ ಬರೆಯದೆ ಇರೋದು ಈ ಕಸುಬಿನ ಹಳೆಯ ಉಪಾಯ. ಹಾಗಾಗಿ ಪ್ರತಿ ಕ್ವಾರ್ಟರ್ ಬರುತ್ತಿದ್ದ ರಿಪೋರ್ಟ್ ಇದ್ದಕ್ಕಿದ್ದಂತೆ ನಿಂತರೆ ಅದನ್ನೂ ಒಂದು ಸೂಚನೆ ಅಂತ ಇಟ್ಟುಕೊಳ್ಳಿ. ಪೂರ್ತಿ ಸಾಕ್ಷಿ ಅಲ್ಲ, ಅನಲಿಸ್ಟ್ ಕೆಲಸ ಬಿಟ್ಟಿರಲೂಬಹುದು, ಅಥವಾ ಬ್ರೋಕರ್ ಆ ಕಂಪನಿಯ ಯಾವುದೋ ಡೀಲ್‌ನಲ್ಲಿ ಇರುವುದರಿಂದ ರೇಟಿಂಗ್ ತಡೆಹಿಡಿದಿರಲೂಬಹುದು.

ನಿಯಮಗಳು ಇಲ್ಲ ಅಂತಲ್ಲ. ಅನಲಿಸ್ಟ್‌ನ ಸಂಬಳವನ್ನು ಇಂಥದ್ದೇ ಮರ್ಚೆಂಟ್ ಬ್ಯಾಂಕಿಂಗ್ ಡೀಲ್‌ಗೆ ಗಂಟು ಹಾಕುವಂತಿಲ್ಲ. ರಿಪೋರ್ಟ್ ಬರುವ 30 ದಿನ ಮೊದಲು, ಬಂದು 5 ದಿನ ಆಗುವ ತನಕ ಅನಲಿಸ್ಟ್ ಆ ಷೇರಿನಲ್ಲಿ ಸ್ವಂತ ವ್ಯವಹಾರ ಮಾಡುವಂತಿಲ್ಲ. ಅಮೆರಿಕದಲ್ಲಿ 2003ರಲ್ಲಿ ಹತ್ತು ದೊಡ್ಡ ಸಂಸ್ಥೆಗಳು ಸುಮಾರು 140 ಕೋಟಿ ಡಾಲರ್ ಕಟ್ಟಿ ಇದೇ ಥರದ ಆರೋಪಗಳನ್ನು ಇತ್ಯರ್ಥ ಮಾಡಿಕೊಂಡವು. ಅಲ್ಲಿಂದೀಚೆಗೆ ರಿಸರ್ಚ್‌ಗೂ ಡೀಲ್ ಮಾಡುವವರಿಗೂ ನಡುವೆ ಗೋಡೆ ದಪ್ಪ ಆಗಿದೆ. ಆದರೆ ವರ್ಷದ ಕೊನೆಯ ಬೋನಸ್ ಇಡೀ ಸಂಸ್ಥೆಯ ಲಾಭದಿಂದ ಬರುತ್ತದೆ, ಯಾರಿಂದ ಲಾಭ ಬಂತು ಅಂತ ಎಲ್ಲರಿಗೂ ಗೊತ್ತಿರುತ್ತದೆ. ಆ ತಿಳುವಳಿಕೆಯನ್ನು ತಡೆಯುವ ಗೋಡೆ ಯಾರೂ ಕಟ್ಟಿಲ್ಲ.

ಹೊರಗಿನವನ ಮಾತು ಹೇಗಿರಬಹುದು ಅನ್ನೋದಕ್ಕೆ ಪೇಟಿಎಂ ನೆನಪಿಸಿಕೊಳ್ಳಿ. 2021ರ ನವೆಂಬರ್ 18ರಂದು ಲಿಸ್ಟಿಂಗ್, ಐಪಿಒ ಬೆಲೆ 2,150. ಅವತ್ತೇ ಮ್ಯಾಕ್ವಾರಿ ಅನ್ನುವ ವಿದೇಶಿ ಬ್ರೋಕರ್ 1,200ರ ಟಾರ್ಗೆಟ್ ಹಾಕಿ ರಿಪೋರ್ಟ್ ಬಿಟ್ಟಿತು. ಷೇರು ಮೊದಲ ದಿನವೇ ಸುಮಾರು ಶೇಕಡಾ 27 ಬಿತ್ತು. ಮ್ಯಾಕ್ವಾರಿ ಆ ಐಪಿಒ ನಡೆಸಿದವರಲ್ಲಿ ಇರಲಿಲ್ಲ. ನಡೆಸಿದವರು ಅವತ್ತು ಬರೆಯುವಂತೆಯೂ ಇರಲಿಲ್ಲ, ಅವರಿಗೆ ಸೆಬಿ ಕಾಯುವ ಅವಧಿ ಇಟ್ಟಿದೆ. ಹೊರಗಿನವನು ಯಾವಾಗಲೂ ಸರಿ ಅಂತ ಇದರ ಅರ್ಥ ಅಲ್ಲ. ಆದರೆ ಹೊಸ ಷೇರಿನ ಬಗ್ಗೆ ಓದುವಾಗ ಇಶ್ಯೂ ನಡೆಸದ ಒಬ್ಬರಾದರೂ ಏನು ಬರೆದಿದ್ದಾರೆ ಅಂತ ಹುಡುಕಿ ಓದಿ.

ರೇಟಿಂಗ್ ಪದಕ್ಕೆ ಅದೇ ಪಿಡಿಎಫ್‌ನಲ್ಲಿ ಅರ್ಥ ಇದೆ

ಇದು ಚಿಕ್ಕ ಹೆಜ್ಜೆ. ಬ್ರೋಕರ್ ತಾನು ಬಳಸುವ ಪದಗಳ ಅರ್ಥ ಹೇಳಬೇಕು, ಆ ಅರ್ಥ ಬದಲಾಯಿಸದೆ ಬಳಸಬೇಕು ಅಂತ ನಿಯಮವಿದೆ. ಕೊನೆಯ ಪುಟಗಳಲ್ಲೇ ಚಿಕ್ಕ ಪಟ್ಟಿ ಸಿಗುತ್ತದೆ. ಮಾವನ ಬ್ರೋಕರ್‌ನದು ಹೀಗಿತ್ತು: ಒಂದು ವರ್ಷದಲ್ಲಿ ಶೇಕಡಾ 15ಕ್ಕಿಂತ ಜಾಸ್ತಿ ಏರಿದರೆ ಬೈ, 5ರಿಂದ 15 ಆದರೆ ಆಡ್, 5 ಏರಿಕೆಯಿಂದ 5 ಇಳಿಕೆಯ ನಡುವೆ ಹೋಲ್ಡ್, ಅದಕ್ಕಿಂತ ಕೆಳಗೆ ಸೆಲ್. ಬೇರೆ ಬ್ರೋಕರ್‌ನ ಗೆರೆ ಬೇರೆ ಕಡೆ ಇರುತ್ತದೆ. ವಿದೇಶಿ ಸಂಸ್ಥೆಗಳು ಓವರ್‌ವೇಟ್, ಔಟ್‌ಪರ್ಫಾರ್ಮ್ ಅಂತ ಬರೆಯುವುದು ಸಾಮಾನ್ಯವಾಗಿ ಹೋಲಿಕೆಯ ಮಾತು, ಉಳಿದ ಷೇರುಗಳಿಗಿಂತ ಇದು ವಾಸಿ ಅಂತ. ಎಲ್ಲವೂ ಬೀಳುವಾಗ ಇದು ಕಡಿಮೆ ಬಿದ್ದರೂ ಅವರ ಮಾತು ನಿಜವಾಯಿತು, ನಿಮ್ಮ ದುಡ್ಡು ಮಾತ್ರ ಹೋಯಿತು.

ಹೋಲ್ಡ್ ಅನ್ನೋದನ್ನು ಇಟ್ಟುಕೊಳ್ಳಿ ಅಂತ ಜನ ಓದುತ್ತಾರೆ. ಮೇಲಿನ ಪಟ್ಟಿಯಲ್ಲಿ ನೋಡಿ, ಹೋಲ್ಡ್ ಅಂದರೆ ಬ್ಯಾಂಕ್ ಎಫ್‌ಡಿಗಿಂತ ಕಡಿಮೆ ಬರಬಹುದು ಅಂತ ಬ್ರೋಕರೇ ಒಪ್ಪಿಕೊಂಡ ಹಾಗೆ. ಸೆಲ್ ಬರೆಯೋದು ಅಷ್ಟು ಕಷ್ಟ ಇರುವ ಜಾಗದಲ್ಲಿ ಬೈ ಇದ್ದದ್ದು ಹೋಲ್ಡ್ ಆದರೆ ನಾನು ಅದನ್ನು ಮರ್ಯಾದೆಯ ಸೆಲ್ ಅಂತಲೇ ಓದುತ್ತೇನೆ.

ಟಾರ್ಗೆಟ್ಟನ್ನು ಎರಡು ತುಂಡು ಮಾಡಿ

ಈಗ ಮುಖ್ಯ ಕೆಲಸ. ಇಂಥ ಕಂಪನಿಗಳ ಟಾರ್ಗೆಟ್ ಬಹುತೇಕ ಒಂದೇ ಗುಣಾಕಾರ:

```
ಟಾರ್ಗೆಟ್ = ಮುಂದಿನ ವರ್ಷದ ಇಪಿಎಸ್ × ಪಿಇ
```

ಇಪಿಎಸ್ ಅಂದರೆ ಒಂದು ಷೇರಿಗೆ ಬರುವ ಲಾಭ. ಇದು ಅಂದಾಜಾದರೂ ಅದಕ್ಕೆ ನೆಲ ಇದೆ: ಎಷ್ಟು ಮಾಲು ಮಾರುತ್ತಾರೆ, ಉಕ್ಕಿನ ಬೆಲೆ ಎಷ್ಟು, ಬಡ್ಡಿ ಎಷ್ಟು. ನಾನು ಎಕ್ಸೆಲ್‌ನಲ್ಲಿ ತುಂಬುತ್ತಿದ್ದದ್ದು ಇದನ್ನೇ. ಪಿಇ ಅಂದರೆ ಆ ಒಂದು ರೂಪಾಯಿ ಲಾಭಕ್ಕೆ ಮಾರ್ಕೆಟ್ ಎಷ್ಟು ರೂಪಾಯಿ ಕೊಡಬಹುದು ಅನ್ನುವ ಅಭಿಪ್ರಾಯ. ಇದು ಎಕ್ಸೆಲ್‌ನಲ್ಲಿ ಒಂದೇ ಒಂದು ಚೌಕ. 25 ಇದ್ದದ್ದನ್ನು 28 ಅಂತ ಟೈಪ್ ಮಾಡಿದರೆ ಇಡೀ ಟಾರ್ಗೆಟ್ ಶೇಕಡಾ 12 ಏರುತ್ತದೆ, ಕಾರ್ಖಾನೆಯಲ್ಲಿ ಒಂದು ಬೋಲ್ಟೂ ಜಾಸ್ತಿ ತಯಾರಾಗಿರೋದಿಲ್ಲ.

ಬ್ಯಾಂಕ್‌ಗಳಿಗೆ ಲಾಭದ ಬದಲು ಬುಕ್ ವ್ಯಾಲ್ಯೂ, ಅಂದರೆ ಆಸ್ತಿಯಲ್ಲಿ ಸಾಲ ಕಳೆದು ಉಳಿಯುವ ಮೊತ್ತದ ಮೇಲೆ ಗುಣಿಸುತ್ತಾರೆ, ಹಲವು ವ್ಯಾಪಾರ ಇರುವ ಕಂಪನಿಗೆ ಒಂದೊಂದನ್ನೂ ಬೇರೆ ಬೇರೆ ಬೆಲೆ ಕಟ್ಟಿ ಕೂಡಿಸುತ್ತಾರೆ. ಕ್ರಮ ಅದೇ.

ಎರಡೂ ಅಂಕಿ ರಿಪೋರ್ಟ್‌ನಲ್ಲೇ ಇರುತ್ತವೆ, 'ವ್ಯಾಲ್ಯುಯೇಶನ್' ಅನ್ನುವ ಪ್ಯಾರಾದಲ್ಲಿ. ಅಲ್ಲಿ ಮೂರು ವಿಷಯ ಬರೆದಿಟ್ಟುಕೊಳ್ಳಿ: ಯಾವ ವರ್ಷದ ಇಪಿಎಸ್, ಅದು ಎಷ್ಟು, ಅದಕ್ಕೆ ಎಷ್ಟು ಪಿಇ. ಆಮೇಲೆ ಅದೇ ಬ್ರೋಕರ್‌ನ ಹಳೆಯ ರಿಪೋರ್ಟ್ ತೆಗೆದು ಅದೇ ಮೂರನ್ನು ಪಕ್ಕದಲ್ಲಿ ಬರೆಯಿರಿ. ಹಳೆಯದು ಇಲ್ಲದೆ ಹೊಸದನ್ನು ಓದಿದರೆ ಅರ್ಧ ಮಾತ್ರ ಓದಿದ ಹಾಗೆ.

ಮಾವನ ಕಂಪನಿಗೆ ನಾವು ಹೀಗೆ ಮಾಡಿದೆವು. ಜೂನ್‌ನ ರಿಪೋರ್ಟ್: ಬೆಲೆ 620, `FY27E` ಇಪಿಎಸ್ 30, ಪಿಇ 25, ಟಾರ್ಗೆಟ್ 750. ಬೈ. ಶೇಕಡಾ 21 ಏರಿಕೆ, ಲೆಕ್ಕ ಸರಿಯಾಗಿದೆ. (`FY27E` ಅಂದರೆ ಮಾರ್ಚ್ 2027ಕ್ಕೆ ಮುಗಿಯುವ ವರ್ಷದ ಅಂದಾಜು.)

ಅಕ್ಟೋಬರ್‌ನ ರಿಪೋರ್ಟ್: ಬೆಲೆ 790, ಅದೇ ವರ್ಷದ ಇಪಿಎಸ್ 29, ಪಿಇ 32, ಟಾರ್ಗೆಟ್ 928. ಬೈ.

ಒಂದು ನಿಮಿಷ ನಿಲ್ಲಿ. ಲಾಭದ ಅಂದಾಜು ಏರಿಲ್ಲ, 30ರಿಂದ 29ಕ್ಕೆ ಇಳಿದಿದೆ. ಕ್ಯುಐಪಿ ಮಾಡಿ ಹೊಸ ಷೇರು ಹಂಚಿದ್ದರಿಂದ ಲಾಭ ಹೆಚ್ಚು ಷೇರುಗಳಿಗೆ ಹಂಚಿಹೋಗಿದೆ, ಅದು ಸಹಜವೇ. ಟಾರ್ಗೆಟ್ ಏರಿದ್ದು ಪಿಇ 25 ಇದ್ದದ್ದು 32 ಆದದ್ದರಿಂದ ಮಾತ್ರ. ಹಳೆಯ 25ನ್ನೇ ಹಾಕಿದರೆ 29 × 25 = 725, ಅವತ್ತಿನ ಬೆಲೆಗಿಂತ ಕಡಿಮೆ, ಬ್ರೋಕರ್‌ನ ಪಟ್ಟಿಯಲ್ಲೇ ಅದು ಸೆಲ್! ಉದಾರವಾಗಿ 28 ಹಾಕಿದರೂ 812, ಅಂದರೆ ಶೇಕಡಾ 3 ಏರಿಕೆ, ಹೋಲ್ಡ್.

ಪಿಇ ಏರಿಸೋದು ತಪ್ಪು ಅಂತ ಅಲ್ಲ. ಸಾಲ ತೀರಿತು, ಲಾಭದ ಬೆಳವಣಿಗೆಯ ವೇಗ ಹೆಚ್ಚಿತು, ಒಂದೇ ಗಿರಾಕಿಯನ್ನು ನೆಚ್ಚಿಕೊಂಡಿದ್ದದ್ದು ತಪ್ಪಿತು ಅಂದರೆ ಏರಿಸಬಹುದು. ಹಾಗಿದ್ದರೆ ಅದರ ಗುರುತು ಮುಂದಿನ ವರ್ಷಗಳ ಅಂದಾಜಿನಲ್ಲೂ ಕಾಣಬೇಕು. ಈ ರಿಪೋರ್ಟ್‌ನಲ್ಲಿ ಇದ್ದ ಕಾರಣ 'ರೀ-ರೇಟಿಂಗ್', ಮತ್ತು ಇದೇ ವಲಯದ ಬೇರೆ ಷೇರುಗಳು 32ರಲ್ಲಿ ನಡೆಯುತ್ತಿವೆ ಅಂತ. ಅಂದರೆ ಬೆಲೆ ಏರಿತು, ಆದ್ದರಿಂದ ಪಿಇ ಏರಿಸಿದೆವು, ಆದ್ದರಿಂದ ಬೆಲೆ ಇನ್ನೂ ಏರುತ್ತದೆ. ನಾವು ಆಫೀಸಿನಲ್ಲಿ ಇದಕ್ಕೆ ಟಾರ್ಗೆಟ್ ಬೆಲೆಯ ಬಾಲ ಹಿಡಿದುಕೊಂಡು ಹೋಗ್ತಿದೆ ಅಂತ ನಗುತ್ತಿದ್ದೆವು. ಎದುರಿಗಲ್ಲ, ಕ್ಯಾಂಟೀನ್‌ನಲ್ಲಿ.

ಈ ಬಾಲ ಹಿಡಿಯುವ ಅಭ್ಯಾಸ ಕಾಣಬೇಕಾದರೆ ರಿಪೋರ್ಟ್‌ನ ಕೊನೆಯಲ್ಲಿರುವ ಬೆಲೆಯ ಗ್ರಾಫ್ ನೋಡಿ. ಒಂದು ವರ್ಷಕ್ಕಿಂತ ಹೆಚ್ಚು ಕಾಲದಿಂದ ರೇಟಿಂಗ್ ಕೊಡುತ್ತಿದ್ದರೆ ಆ ಗ್ರಾಫ್ ಹಾಕಬೇಕು. ಹಲವರು ಅದರ ಪಕ್ಕ ಹಳೆಯ ಟಾರ್ಗೆಟ್‌ಗಳನ್ನೂ ತಾರೀಕಿನ ಸಮೇತ ಕೊಡುತ್ತಾರೆ. ಪ್ರತಿ ಸಲ ಬೆಲೆ ಏರಿದ ಮೇಲೆ ಟಾರ್ಗೆಟ್ ಏರಿದೆ, ಇಳಿದ ಮೇಲೆ ಇಳಿದಿದೆ ಅಂದರೆ ಆ ಅನಲಿಸ್ಟ್‌ನ ಟಾರ್ಗೆಟ್‌ನಿಂದ ನಿಮಗೆ ಹೊಸದೇನೂ ಸಿಗೋದಿಲ್ಲ. ಅವರ ಕಾರ್ಖಾನೆ ವಿವರ, ಗಿರಾಕಿಗಳ ಪಟ್ಟಿ ಓದಿ, ಅವು ಎಷ್ಟೋ ಸಲ ಬಹಳ ಚೆನ್ನಾಗಿರುತ್ತವೆ. ನಿಜ ಹೇಳಬೇಕೆಂದರೆ ರಿಪೋರ್ಟ್‌ನ ಅತ್ಯಂತ ಬೆಲೆಬಾಳುವ ಭಾಗ ಅದೇ, ಅದನ್ನೇ ಯಾರೂ ಫಾರ್ವರ್ಡ್ ಮಾಡೋದಿಲ್ಲ.

ವರ್ಷ ಬದಲಾಯಿಸುವ ಕೈಚಳಕ

ಫೆಬ್ರವರಿಯಲ್ಲಿ ಮೂರನೇ ರಿಪೋರ್ಟ್ ಬಂತು. ಬೆಲೆ 640ಕ್ಕೆ ಇಳಿದಿತ್ತು. ಟಾರ್ಗೆಟ್ 700, ರೇಟಿಂಗ್ 'ಆಡ್'. ಮೊದಲ ಪುಟದಲ್ಲಿ 28ರ ಇಪಿಎಸ್‌ಗೆ 25 ಪಿಇ ಅಂತ ಇತ್ತು. ಮಾವ ಈಗ ಪಳಗಿದ್ದರು. "29 ಇದ್ದದ್ದು 28 ಆಗಿದೆ, ಒಂದು ರೂಪಾಯಿ ಅಲ್ವಾ, ಪರವಾಗಿಲ್ಲ" ಅಂದರು.

"ಯಾವ ವರ್ಷದ್ದು ಅಂತ ನೋಡಿ ಮಾವ" ಅಂದೆ.

28 ಇದ್ದದ್ದು `FY28E`ದು. ಅಂದರೆ ಒಂದು ವರ್ಷ ಮುಂದಕ್ಕೆ ಸರಿಸಿದ್ದಾರೆ. ಇದಕ್ಕೆ ರೋಲ್ ಫಾರ್ವರ್ಡ್ ಅನ್ನುತ್ತಾರೆ, ಎಲ್ಲರೂ ಮಾಡುತ್ತಾರೆ, ಕಾಲ ಮುಂದೆ ಹೋದಂತೆ ಮಾಡಲೇಬೇಕು ಕೂಡ. ಆದರೆ ಇದರ ಕೆಳಗೆ ಬಹಳಷ್ಟು ಮುಚ್ಚಿಹೋಗುತ್ತದೆ. ಒಳಗಿನ ಪುಟದಲ್ಲಿ 'ಅಂದಾಜಿನಲ್ಲಿ ಬದಲಾವಣೆ' ಅನ್ನುವ ಕೋಷ್ಟಕ ಇರುತ್ತದೆ, ಹಳೆಯದು, ಹೊಸದು, ಶೇಕಡಾ ವ್ಯತ್ಯಾಸ ಅಂತ ಮೂರು ಕಾಲಂ. ಅಲ್ಲಿ `FY27E` ಸಾಲಿನಲ್ಲಿ 29 ಇದ್ದದ್ದು 25 ಆಗಿತ್ತು. ನಾಲ್ಕು ತಿಂಗಳಲ್ಲಿ ಸುಮಾರು ಶೇಕಡಾ 14 ಕಡಿತ. ಅಕ್ಟೋಬರ್‌ನ ಲೆಕ್ಕದ ವರ್ಷವನ್ನೇ ಇಟ್ಟುಕೊಂಡರೆ 25 × 25 = 625, ಅವತ್ತಿನ ಬೆಲೆಗಿಂತ ಕೆಳಗೆ. ವರ್ಷ ಸರಿಸಿದ್ದರಿಂದ ಅದು 700 ಆಯಿತು, ಹೋಲ್ಡ್ ಆಗಬೇಕಾದದ್ದು ಆಡ್ ಆಯಿತು.

ಹಾಗಾಗಿ ಹೋಲಿಸುವಾಗ ಯಾವತ್ತೂ ಒಂದೇ ವರ್ಷದ ಇಪಿಎಸ್ಸನ್ನು ಅದೇ ವರ್ಷದ ಇಪಿಎಸ್ ಜೊತೆ ಹೋಲಿಸಿ. ಸಮಯ ಕಡಿಮೆ ಇದ್ದರೆ ಆ ಒಂದು ಕೋಷ್ಟಕ ಮಾತ್ರ ನೋಡಿದರೂ ಸಾಕು. ರೇಟಿಂಗ್ ಬದಲಾಯಿಸಲು ಅನಲಿಸ್ಟ್‌ಗೆ ಹತ್ತು ಅಡ್ಡಿಗಳಿವೆ, ಆದರೆ ಇಪಿಎಸ್ ಅಂದಾಜನ್ನು ಮೆಲ್ಲಗೆ ಇಳಿಸಲು ಅಷ್ಟು ಅಡ್ಡಿ ಇಲ್ಲ. ಫಲಿತಾಂಶ ಬಂದಾಗ ಅಂಕಿ ತಪ್ಪಿದರೆ ಅವರದೇ ಮರ್ಯಾದೆ ಹೋಗುತ್ತದೆ. ಆದ್ದರಿಂದ ಅನಲಿಸ್ಟ್ ನಿಜವಾಗಿ ಏನು ಅಂದುಕೊಂಡಿದ್ದಾರೆ ಅನ್ನುವುದು ಮೊದಲು ಅಲ್ಲಿ ಕಾಣಿಸುತ್ತದೆ.

ಮೂರು ನಾಲ್ಕು ಬ್ರೋಕರ್‌ಗಳ ರಿಪೋರ್ಟ್ ಸಿಕ್ಕರೆ ಟಾರ್ಗೆಟ್‌ಗಳ ಸರಾಸರಿ ತೆಗೆಯುವ ಗೋಜಿಗೆ ಹೋಗಬೇಡಿ. ಎಲ್ಲರ ಇಪಿಎಸ್ ಹತ್ತಿರ ಹತ್ತಿರ ಇದ್ದು ಪಿಇ ಮಾತ್ರ 22ರಿಂದ 34ರ ತನಕ ಹರಡಿದ್ದರೆ ಜಗಳ ಇರುವುದು ಬೆಲೆ ಕಟ್ಟುವುದರಲ್ಲಿ. ಇಪಿಎಸ್ಸೇ ಬೇರೆ ಬೇರೆ ಇದ್ದರೆ ಜಗಳ ವ್ಯಾಪಾರದ ಬಗ್ಗೆಯೇ ಇದೆ, ಆಗ ಅತಿ ಕಡಿಮೆ ಹಾಕಿದವರ ಕಾರಣವನ್ನು ಪೂರ್ತಿ ಓದಿ. ಅವರು ತಪ್ಪಿರಬಹುದು, ಆದರೆ ಗುಂಪು ಬಿಟ್ಟು ನಿಲ್ಲಲು ಅವರು ಸ್ವಲ್ಪ ಜಾಸ್ತಿ ಕೆಲಸ ಮಾಡಿರುತ್ತಾರೆ.

ಮಾವ 785ಕ್ಕೆ ತಗೊಂಡದ್ದನ್ನು ಇನ್ನೂ ಮಾರಿಲ್ಲ. ಕಳೆದ ವಾರ ಮಾಟುಂಗಾದಲ್ಲಿ ಒಂದು ಮದುವೆಯಲ್ಲಿ ಸಿಕ್ಕಿದ್ದರು. ಊಟದ ಎಲೆ ಮುಂದೆ ಕೂತು ಮೊಬೈಲ್ ತೆಗೆದು ಬೇರೊಂದು ಬ್ರೋಕರ್‌ನ ಪಿಡಿಎಫ್ ತೋರಿಸಿದರು, ಕೊನೆಯ ಪುಟ, ಅಕ್ಷರ ದೊಡ್ಡದು ಮಾಡಿಕೊಂಡು. "ಇದರಲ್ಲಿ ಎಲ್ಲಾ 'ಇಲ್ಲ' ಅಂತ ಇದೆ. ಪಿಇ 24. ಆದ್ರೆ ಇವನ ಜೂನ್‌ದು ಸಿಗ್ತಾ ಇಲ್ಲ ಮಾರಾಯ, ಎಲ್ಲಿ ಹುಡುಕೋದು?"